ಬಿಲ್ ಮಾಡಿಸುವ ಮೊದಲು ಬಟ್ಟೆಯನ್ನು ಎಳೆದು ನೋಡಿ

ಮೇ ಕೊನೆಯ ವಾರ ಬಂತೆಂದರೆ ಕಾಸರಗೋಡಿನ ಬಟ್ಟೆ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜೂನ್ ಆರಂಭದಲ್ಲಿ ಶಾಲೆ ತೆರೆಯುತ್ತದೆ, ಬೆನ್ನಿಗೇ ಮಳೆಯೂ ಹಿಡಿಯುತ್ತದೆ. ಈ ಗಡಿಬಿಡಿಯಲ್ಲಿ ಬಣ್ಣ ಮತ್ತು ಅಳತೆ ಮಾತ್ರ ನೋಡಿ ಕೊಂಡು ಆಮೇಲೆ ಗೊಣಗುವುದು ಹೆಚ್ಚಾಗಿ ಎರಡು ಉಡುಪುಗಳ ಬಗ್ಗೆ: ಲೆಗಿಂಗ್ಸ್ ಮತ್ತು ಅದರ ಮೇಲೆ ಹಾಕುವ ಹತ್ತಿಯ ಕುರ್ತಾ. ಒಂದು ಹೆಣಿಗೆಯ ಬಟ್ಟೆ, ಇನ್ನೊಂದು ನೇಯ್ದ ಬಟ್ಟೆ. ಎರಡನ್ನೂ ಪರೀಕ್ಷಿಸುವ ಕ್ರಮ ಬೇರೆ ಬೇರೆ. ಬೇಕಾದದ್ದು ಎರಡು ಕೈ, ಒಂದು ಬಿಳಿ ಕರವಸ್ತ್ರ, ಮೊಬೈಲಿನ ಟಾರ್ಚ್. ‘ಅಕ್ಕ, ಒಮ್ಮೆ ಎಳೆದು ನೋಡಬಹುದೇ?’ ಎಂದು ಅಂಗಡಿಯವರನ್ನು ಮೊದಲೇ ಕೇಳಿಬಿಡಿ. ಬೇಡ ಎನ್ನುವವರು ಕಡಿಮೆ.

ಲೆಗಿಂಗ್ಸ್: ಹಿಗ್ಗುವುದಲ್ಲ, ಮರಳುವುದು ಮುಖ್ಯ

ಹಿಗ್ಗುವ ಗುಣವನ್ನು ಅಂಗಡಿಯವರೇ ಎಳೆದು ತೋರಿಸುತ್ತಾರೆ. ಎಷ್ಟು ಅಗ್ಗದ ಲೆಗಿಂಗ್ಸ್ ಆದರೂ ಹಿಗ್ಗುತ್ತದೆ, ಏಕೆಂದರೆ ಹೆಣಿಗೆಯ ಕುಣಿಕೆಗಳ ಸ್ವಭಾವವೇ ಅದು. ಬಿಟ್ಟ ಮೇಲೆ ಮೊದಲಿನ ಅಳತೆಗೆ ಮರಳುತ್ತದೆಯೇ ಎಂಬುದೇ ಪ್ರಶ್ನೆ. ಕುಣಿಕೆಗಳನ್ನು ಹಿಂದಕ್ಕೆ ಸೆಳೆಯುವುದು ಹತ್ತಿಯೊಳಗೆ ಸೇರಿಸಿದ ಸ್ಪ್ಯಾಂಡೆಕ್ಸ್ ಎಳೆ. ನಮ್ಮಲ್ಲಿ ಲೈಕ್ರಾ ಎಂದೇ ಕರೆಯುತ್ತಾರೆ.

ಒಂದೇ ಕಪಾಟಿನಿಂದ ಎರಡು ಕಪ್ಪು ಲೆಗಿಂಗ್ಸ್ ತೆಗೆದುಕೊಂಡಿದ್ದೀರಿ ಎಂದುಕೊಳ್ಳಿ. ಎರಡರ ಚೀಟಿಯಲ್ಲೂ ಹತ್ತಿ 95, ಸ್ಪ್ಯಾಂಡೆಕ್ಸ್ 5 ಎಂದೇ ಇದೆ. ಸೊಂಟದ ಪಟ್ಟಿಯನ್ನು ಬಿಟ್ಟು ಮೊಣಕಾಲು ಬರುವ ಜಾಗಕ್ಕೆ ಬನ್ನಿ. ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಸುಮಾರು 10 ಸೆಂಟಿಮೀಟರ್ ಅಂತರದಲ್ಲಿ ಬಟ್ಟೆಯನ್ನು ಹಿಡಿಯಿರಿ. ಅದನ್ನು ಅಡ್ಡಕ್ಕೆ 15 ಸೆಂಟಿಮೀಟರಿನವರೆಗೆ ಎಳೆದು, ಹತ್ತು ಎಣಿಸುವವರೆಗೆ ಹಾಗೆಯೇ ಹಿಡಿದುಕೊಂಡು, ಬಿಟ್ಟು ಮೇಜಿನ ಮೇಲೆ ಹರಡಿ. ಮೊದಲನೆಯದು ತಕ್ಷಣ ಕುಗ್ಗಿ, ನೀವು ಹಿಡಿದ ಜಾಗ ಯಾವುದೆಂದೇ ಗುರುತು ಸಿಗುವುದಿಲ್ಲ. ಎರಡನೆಯದರಲ್ಲಿ ಬಟ್ಟೆ ಸೋಮಾರಿಯಂತೆ ಮರಳುತ್ತದೆ, ಅರ್ಧ ನಿಮಿಷ ಕಳೆದರೂ ಅಲ್ಲೊಂದು ಅಲೆ ಉಳಿಯುತ್ತದೆ. ಅಳೆದರೆ ಹತ್ತು ಹೋಗಿ ಹತ್ತೂಮುಕ್ಕಾಲೋ ಹನ್ನೊಂದೋ ಆಗಿರುತ್ತದೆ. ಇದನ್ನು ಹಾಕಿಕೊಂಡು ಮಂಜೇಶ್ವರದಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಕುಳಿತು ಬಂದರೆ, ಇಳಿಯುವಾಗ ಮೊಣಕಾಲಿನಲ್ಲಿ ಎರಡು ಚೀಲಗಳು ತೂಗುತ್ತಿರುತ್ತವೆ. ಇದೇ ಪರೀಕ್ಷೆಯನ್ನು ಉದ್ದಕ್ಕೂ ಮಾಡಿ; ಕಾಲು ಮಡಚಿದಾಗ ಬಟ್ಟೆ ಎರಡೂ ದಿಕ್ಕಿನಲ್ಲಿ ಹಿಗ್ಗುತ್ತದೆ.

ಚೀಟಿ ಒಂದೇ ಇದ್ದರೂ ವ್ಯತ್ಯಾಸ ಬರುವುದಕ್ಕೆ ಕಾರಣವಿದೆ. ಚೀಟಿ ಹೇಳುವುದು ನೂಲುಗಳ ಪ್ರಮಾಣವನ್ನು ಮಾತ್ರ. ಹೆಣಿಗೆ ಎಷ್ಟು ಬಿಗಿ, ಸ್ಪ್ಯಾಂಡೆಕ್ಸ್ ಎಳೆ ಎಂಥದ್ದು, ಬಟ್ಟೆ ತಯಾರಿಸುವಾಗ ಎಷ್ಟು ಬಿಸಿಗೆ ಒಡ್ಡಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ. ಸಡಿಲವಾಗಿ ಹೆಣೆದರೆ ನೂಲು ಉಳಿಯುತ್ತದೆ, ಶೇಕಡಾವಾರು ಲೆಕ್ಕ ಹಾಗೆಯೇ ಇರುತ್ತದೆ.

ಬಟ್ಟೆಯನ್ನು ಎಳೆದು ಹಿಡಿದಿರುವಾಗಲೇ ಅದರ ಹಿಂದೆ ಮೊಬೈಲ್ ಟಾರ್ಚ್ ಇಟ್ಟು ನೋಡಿ. ಮಡಚಿಟ್ಟಿರುವಾಗ ಕಪ್ಪಾಗಿ ಕಂಡದ್ದು ಎಳೆದಾಗ ಬೂದು ಬಣ್ಣಕ್ಕೆ ತಿರುಗಿ, ನಿಮ್ಮ ಬೆರಳು ಸ್ಪಷ್ಟವಾಗಿ ಕಾಣಿಸಿದರೆ, ಕುಳಿತಾಗಲೂ ಬಾಗಿದಾಗಲೂ ಅದೇ ಕಾಣಿಸುತ್ತದೆ. ಬಿಳಿಯ ಸಣ್ಣ ಎಳೆಗಳು ಅಲ್ಲಲ್ಲಿ ತಲೆ ಎತ್ತಿದ್ದರೆ ಸ್ಪ್ಯಾಂಡೆಕ್ಸ್ ಈಗಾಗಲೇ ತುಂಡಾಗಿರುವ ಸಾಧ್ಯತೆ ಇದೆ. ಅಂಥದ್ದನ್ನು ರಿಯಾಯಿತಿಯಲ್ಲಿ ಕೊಟ್ಟರೂ ಬೇಡ.

ಕುರ್ತಾ: ಗಂಜಿಯ ಮರೆಯಲ್ಲಿ ಏನಿದೆ?

ನೇಯ್ದ ಹತ್ತಿಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು ಎಲ್ಲರಿಗೂ ಗೊತ್ತು. ಆದರೆ ಗಂಜಿ ಹಾಕಿದ ಬಟ್ಟೆ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಹಾಸು ಮತ್ತು ಹೊಕ್ಕಿನ ನಡುವಿನ ಸಂದುಗಳನ್ನು ಗಂಜಿ ತುಂಬಿಕೊಂಡು ತೆಳ್ಳಗಿನ ಬಟ್ಟೆಯನ್ನೂ ದಪ್ಪವೆಂಬಂತೆ ತೋರಿಸುತ್ತದೆ. ಆದ್ದರಿಂದ ಕ್ರಮ ತಿರುಗಿಸಿ. ಮೊದಲು ಒಳಮಡಿಕೆಯ ಒಂದು ಮೂಲೆಯನ್ನು ಎರಡು ಕೈಗಳ ನಡುವೆ ಬಟ್ಟೆಗೆ ಬಟ್ಟೆ ತಾಗುವಂತೆ ಇಪ್ಪತ್ತು ಬಾರಿ ಉಜ್ಜಿ. ಬೆರಳಿಗೆ ಬಿಳಿ ಪುಡಿ ಅಂಟಿದರೆ, ಉಜ್ಜಿದ ಜಾಗ ಮೆತ್ತಗಾದರೆ, ಗಂಜಿ ಇದೆ. ಬಳಿಕ ಅದೇ ಜಾಗವನ್ನು ಬೆಳಕಿಗೆ ಹಿಡಿದು ಉಜ್ಜದ ಜಾಗದೊಂದಿಗೆ ಹೋಲಿಸಿ. ಉಜ್ಜಿದಲ್ಲಿ ಬೆಳಕು ಹೆಚ್ಚು ತೂರಿ ಬಂದರೆ, ಒಗೆದ ನಂತರದ ಕುರ್ತಾ ಹೇಗಿರುತ್ತದೆ ಎಂಬುದನ್ನು ಈಗಲೇ ನೋಡಿಬಿಟ್ಟಿರಿ.

ಮೆತ್ತಗಿನ ಸ್ಪರ್ಶವೂ ಇಷ್ಟೇ ನಂಬಿಕೆಗೆ ಅರ್ಹ. ಕೈ ಜಾರುವಷ್ಟು ನುಣುಪಾಗಿದ್ದರೆ ಅದು ನೂಲಿನ ಗುಣವೇ ಆಗಿರಬೇಕೆಂದಿಲ್ಲ. ಕೊನೆಯ ಹಂತದಲ್ಲಿ ಹಾಕುವ ಸಿಲಿಕೋನ್ ಲೇಪವೂ ಆಗಿರಬಹುದು, ಅದು ಒಗೆದಂತೆಲ್ಲ ಸವೆಯುತ್ತದೆ. ಮುಷ್ಟಿಯಲ್ಲಿ ಹಿಡಿದು ಹಿಂಡಿ ಬಿಟ್ಟಾಗ ಶುದ್ಧ ಹತ್ತಿ ಸುಕ್ಕಾಗುತ್ತದೆ. ‘ನೂರಕ್ಕೆ ನೂರು ಕಾಟನ್’ ಎನ್ನುತ್ತಾ ಒಂದು ಗೆರೆಯೂ ಬೀಳದಿದ್ದರೆ, ಪಾಲಿಯೆಸ್ಟರ್ ಸೇರಿರಬಹುದು ಅಥವಾ ಸುಕ್ಕು ತಡೆಯುವ ಸಂಸ್ಕರಣೆ ಆಗಿರಬಹುದು. ಇವೆರಡರಲ್ಲಿ ಯಾವುದೆಂದು ಕೈಯಿಂದ ಮಾತ್ರ ನಿರ್ಣಯಿಸಲಾಗದು. ಹಾಗೆಂದು ಪಾಲಿಯೆಸ್ಟರ್ ಬೆರೆತದ್ದೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ ಜಗಲಿಯಲ್ಲಿ ಒಣಹಾಕಿದ ಬಟ್ಟೆ ಸಂಜೆಗೆ ಒಣಗಬೇಕಾದರೆ, ಬೆರಕೆಯದೇ ಮೇಲು.

ಗಾಢ ಬಣ್ಣದ ಕುರ್ತಾ ಆದರೆ ಕರವಸ್ತ್ರದ ತುದಿಯನ್ನು ತುಸು ಒದ್ದೆ ಮಾಡಿ ಒಳಭಾಗದಲ್ಲಿ ಹತ್ತು ಬಾರಿ ಉಜ್ಜಿ. ನೀಲಿ ಅಥವಾ ಕೆಂಪು ದಟ್ಟವಾಗಿ ಅಂಟಿದರೆ, ಬೆವರಿನ ದಿನ ಒಳಉಡುಪಿಗೂ ಅದೇ ಬಣ್ಣ.

ಒಳಮಗ್ಗುಲು ಮಾಡಿ ಹೊಲಿಗೆ ನೋಡಿ

ಪಕ್ಕದ ಹೊಲಿಗೆಯ ಎರಡೂ ಬದಿ ಹೆಬ್ಬೆರಳಿಟ್ಟು ಮೆಲ್ಲಗೆ ಅಗಲಿಸಿ. ಸಂದಿನಲ್ಲಿ ದಾರ ಹಲ್ಲು ಕಿರಿದಂತೆ ಕಂಡರೆ ಹೊಲಿಗೆ ಸಡಿಲ, ಇದನ್ನು ದರ್ಜಿಯಿಂದ ಮತ್ತೆ ಹೊಲಿಸಿಕೊಳ್ಳಬಹುದು. ಹೊಲಿಗೆಯ ದಾರ ಬಿಗಿಯಾಗಿಯೇ ಇದ್ದು ಪಕ್ಕದ ಬಟ್ಟೆಯ ಎಳೆಗಳೇ ಸರಿದು ಏಣಿಯಂತೆ ಬಿಡಿಬಿಡಿಯಾದರೆ ದೋಷ ಬಟ್ಟೆಯದ್ದು. ಅದಕ್ಕೆ ದರ್ಜಿಯ ಬಳಿಯೂ ಮದ್ದಿಲ್ಲ. ನುಣುಪಾದ ಪಾಲಿಯೆಸ್ಟರ್ ಮತ್ತು ಜಾರ್ಜೆಟ್‌ನಲ್ಲಿ ಇದು ಹೆಚ್ಚು. ಕಂಕುಳಿನ ಕೆಳಗೆ ಮೊದಲು ಬಾಯಿಬಿಡುತ್ತದೆ. ಕುರ್ತಾದ ಹೊಲಿಗೆಯಲ್ಲಿ ಇಂಚಿಗೆ ಹತ್ತರ ಸುಮಾರಿಗೆ ಟಾಕು ಇದ್ದರೆ ಸಾಕು.

ಲೆಗಿಂಗ್ಸ್‌ನ ಹೊಲಿಗೆಯನ್ನು ಮಾತ್ರ ಅಗಲಿಸದೆ ಉದ್ದಕ್ಕೆ ಎಳೆಯಿರಿ. ಬಟ್ಟೆ ಹಿಗ್ಗಿದಷ್ಟೇ ದಾರವೂ ಹಿಗ್ಗಬೇಕು. ‘ಚಟ್’ ಎಂದು ಸದ್ದು ಕೇಳಿದರೆ ಒಂದೆರಡು ಟಾಕು ಕಡಿದಿದೆ ಎಂದೇ ಅರ್ಥ. ಹೊಲಿಗೆಯ ಗೆರೆಯುದ್ದಕ್ಕೂ ಸೂಜಿಮೊನೆಯಷ್ಟು ತೂತುಗಳಿದ್ದರೆ ಸೂಜಿ ಕುಣಿಕೆಗಳನ್ನೇ ಕತ್ತರಿಸಿದೆ. ಒಗೆದಂತೆ ಅವು ಹಿರಿದಾಗುತ್ತವೆ.

ಕೈಮಗ್ಗದ ಬಟ್ಟೆಗೆ ಈ ನಿಯಮಗಳನ್ನು ಹಾಗೆಯೇ ಹೇರಬೇಡಿ. ನಮ್ಮದೇ ಊರಿನ, ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಾಸರಗೋಡು ಸೀರೆಯನ್ನು ಬೆಳಕಿಗೆ ಹಿಡಿದಾಗ ಒಂದೆರಡು ಕಡೆ ಎಳೆ ತುಸು ದಪ್ಪವಾಗಿ ಕಂಡರೆ ಅದು ಕೈಯ ಗುರುತು, ದೋಷವಲ್ಲ. ಕೈಮಗ್ಗದ ಬಟ್ಟೆಯ ಅಂಚಿನುದ್ದಕ್ಕೂ ಕಾಣುವ ಸಣ್ಣ ಚುಕ್ಕೆತೂತುಗಳು, ನೇಯುವಾಗ ಅಗಲ ಕುಗ್ಗದಂತೆ ಹಿಡಿಯುವ ಕಡ್ಡಿಯ ಮೊನೆಯಿಂದ ಬಂದವು. ಆದರೆ ಒಡಲಿನ ನಡುವೆ ತೂತು ಕಂಡರೆ ಬದಲಿಸಿ ಕೇಳಿ.

ಬಟ್ಟೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಅಂಗಡಿಯಲ್ಲಿ ನಿಂತು ತಿಳಿಯುವ ಉಪಾಯವಿಲ್ಲ. ಹತ್ತಿಯ ಕುರ್ತಾ ಆದರೆ ಉದ್ದದಲ್ಲಿ ಎರಡು ಬೆರಳು ಹೆಚ್ಚೇ ಇರಲಿ, ಒಳಗಿನ ಹೊಲಿಗೆಯಲ್ಲೂ ಬಿಚ್ಚಿ ಅಗಲ ಮಾಡುವಷ್ಟು ಬಟ್ಟೆ ಬಿಟ್ಟಿದ್ದಾರೆಯೇ ನೋಡಿಕೊಳ್ಳಿ. ಲೆಗಿಂಗ್ಸ್ ಅನ್ನು ಬಿಸಿನೀರಿನಲ್ಲಿ ನೆನೆಸಬೇಡಿ, ಕಾದ ಇಸ್ತ್ರಿಪೆಟ್ಟಿಗೆಯನ್ನೂ ಅದಕ್ಕೆ ಮುಟ್ಟಿಸಬೇಡಿ. ಸ್ಪ್ಯಾಂಡೆಕ್ಸ್ ಬಿಸಿಗೆ ಸೋಲುತ್ತದೆ. ಅಂಗಡಿಯಲ್ಲಿ ಹತ್ತಕ್ಕೆ ಮರಳಿದ್ದು ಮನೆಯಲ್ಲಿ ಹನ್ನೊಂದಕ್ಕೆ ನಿಲ್ಲಲು ಅಷ್ಟು ಸಾಕು.