‘ಆ ಅಂಗಡ್ಯಾಗ ಕಮ್ಮಿ ಅದರಿ’ ಎಂದ ಗಿರಾಕಿಗೆ ಉತ್ತರಿಸುವುದು ಹೇಗೆ?

ವಿಜಯಪುರದಲ್ಲಿ ಬೋರ್‌ವೆಲ್ ಪಂಪ್‌ಸೆಟ್ ಮಾರುವ ಗಲ್ಲೆಯ ಹಿಂದೆ ಬಹಳ ವರ್ಷ ಕುಳಿತವನು ನಾನು. ಹೊಸದಾಗಿ ಅಂಗಡಿ ತೆರೆದ ಹುಡುಗರು ಎಡವುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಒಂದೇ ಜಾಗದಲ್ಲಿ. ರೈತ ಬಂದು, ಪಕ್ಕದ ಅಂಗಡಿಯಲ್ಲಿ ಇಷ್ಟು ಕಡಿಮೆ ಹೇಳಿದ್ದಾರೆ ಎಂದ ಕೂಡಲೇ ಅವರು ಕ್ಯಾಲ್ಕುಲೇಟರ್ ಎತ್ತಿಕೊಂಡು ಎರಡು ಸಾವಿರ ಇಳಿಸಿಬಿಡುತ್ತಾರೆ. ಆ ಹೊಸ ದರ ಹತ್ತು ನಿಮಿಷದಲ್ಲಿ ಪಕ್ಕದ ಅಂಗಡಿಗೆ ತಲುಪುತ್ತದೆ, ಅಲ್ಲಿಯವರು ಮತ್ತೆ ಸಾವಿರ ಇಳಿಸುತ್ತಾರೆ, ಸಂಜೆಯ ಹೊತ್ತಿಗೆ ಆ ರೈತನ ಊರಿಗೆಲ್ಲ ಕೆಳಗಿನ ದರವೇ ಗೊತ್ತಾಗಿರುತ್ತದೆ. ಮರುದಿನದಿಂದ ಇಬ್ಬರೂ ಅದೇ ದರಕ್ಕೆ ಮಾರಬೇಕಾಗುತ್ತದೆ.

ಈ ಇಳಿಕೆಯ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿ ನೋಡಬೇಕು. 74,000 ರೂಪಾಯಿಯ ಒಂದು ಪೂರ್ತಿ ಸೆಟ್ಟಿನಲ್ಲಿ ನಿಮಗೆ ಉಳಿಯುವುದು 10,000 ಎಂದಿಟ್ಟುಕೊಳ್ಳಿ. ತಿಂಗಳಿಗೆ 10 ಸೆಟ್ ಮಾರಿದರೆ ಒಂದು ಲಕ್ಷ ಉಳಿಯುತ್ತದೆ. ಚೌಕಾಸಿಗೆ ಸೋತು 4,000 ಬಿಟ್ಟುಕೊಟ್ಟರೆ ಉಳಿಯುವುದು 6,000, ಆಗ ಅದೇ ಒಂದು ಲಕ್ಷ ಕಾಣಲು 17 ಸೆಟ್ ಮಾರಬೇಕು. ಅದೇ ತಿಂಗಳಲ್ಲಿ ಇನ್ನೂ ಏಳು ಬೋರುಗಳನ್ನು ಎಲ್ಲಿಂದ ತರುತ್ತೀರಿ? ಆದ್ದರಿಂದ ಪ್ರತಿಯೊಂದು ಸಾಮಾನಿನಲ್ಲಿ ಎಷ್ಟರ ಕೆಳಗೆ ಇಳಿಯಬಾರದು ಎಂಬುದನ್ನು ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನವೇ ಬರೆದಿಟ್ಟುಕೊಳ್ಳಿ. ಗಿರಾಕಿ ಎದುರಿಗಿದ್ದಾಗ ಆ ಲೆಕ್ಕ ಸರಿಯಾಗಿ ಬರುವುದಿಲ್ಲ.

ಮೊದಲ ಹೆಜ್ಜೆ, ಆ ಕ್ಷಣದಲ್ಲಿ ಯಾವ ಅಂಕಿಯನ್ನೂ ಹೇಳದಿರುವುದು. ಇಂಡಿ ಕಡೆಯ ಲಿಂಬೆ ತೋಟದ ಹಿರಿಯ ರೈತರೊಬ್ಬರು ಬಂದು, “ಅಲ್ರಿ, ಅಲ್ಲಿ ಇದ ಸೆಟ್ ಅರವತ್ತಾರ ಸಾವಿರಕ್ಕ ಕೊಡ್ತಾರ, ನೀವ್ಯಾಕ ಎಂಟ ಸಾವಿರ ಹೆಚ್ಚ ಹೇಳ್ತೀರಿ?” ಎಂದರೆ, ನಾನು ಕೊಡುತ್ತಿದ್ದ ಉತ್ತರ ಇಷ್ಟೇ: “ಹೌದ್ರಿ ಕಾಕಾ, ಎಂಟ ಸಾವಿರ ಅಂದ್ರ ಸಣ್ಣ ರೊಕ್ಕ ಅಲ್ಲ. ಅವರ ಚೀಟಿ ಇದ್ರ ತೋರ್ಸ್ರಿ, ಎರಡೂ ಕೂಡೇ ಇಟ್ಟ ನೋಡೂಣು.” ಇದರಲ್ಲಿ ಅವರ ಮಾತನ್ನು ಸುಳ್ಳೆಂದದ್ದಿಲ್ಲ, ಪಕ್ಕದವರ ಮಾಲನ್ನು ಹಳಿದದ್ದೂ ಇಲ್ಲ. ಪಕ್ಕದವರನ್ನು ಹಳಿದರೆ ಆ ಮಾತು ಅವರನ್ನು ಮುಟ್ಟಿಯೇ ಮುಟ್ಟುತ್ತದೆ, ಆಮೇಲೆ ಅವರು ಹಟಕ್ಕೆ ಬಿದ್ದು ದರ ಇಳಿಸುತ್ತಾರೆ.

ಎರಡನೆಯ ಹೆಜ್ಜೆಯೇ ಕಠಿಣವಾದದ್ದು, ಹೆಚ್ಚಿನವರು ಅರ್ಧಕ್ಕೆ ಬಿಡುವುದೂ ಇದನ್ನೇ. ಒಂದು ದೊಡ್ಡ ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ, ಎಡಕ್ಕೆ ಅವರ ಚೀಟಿಯ ಸಾಮಾನು, ಬಲಕ್ಕೆ ನಿಮ್ಮದು. ಪೆನ್ನನ್ನು ರೈತರ ಕೈಗೋ ಅವರ ಜೊತೆ ಬಂದ ಮಗನ ಕೈಗೋ ಕೊಡಿ. ನೀವೇ ಬರೆದರೆ ಅದು ನಿಮ್ಮ ವಾದವಾಗುತ್ತದೆ, ಅವರು ಬರೆದರೆ ಅವರ ಲೆಕ್ಕವಾಗುತ್ತದೆ.

ಮೇಲೆ ಹೇಳಿದ ಉದಾಹರಣೆಯನ್ನೇ ಮುಂದುವರಿಸೋಣ. ಆರು ಇಂಚಿನ ಬೋರು, 5 ಎಚ್‌ಪಿ ಮೋಟಾರು, 400 ಅಡಿಗೆ ಇಳಿಸಬೇಕು, ಸ್ಟಾರ್ಟರಿನವರೆಗೆ ಸೇರಿ ಒಟ್ಟು 500 ಅಡಿ ಕೇಬಲ್ ಬೇಕು. ಮೊದಲು ಪಂಪಿನ ಸಾಲನ್ನು ನೋಡಬೇಕು. ಚೀಟಿಯಲ್ಲಿ ಬರೀ ‘5 ಎಚ್‌ಪಿ’ ಎಂದಿದ್ದರೆ ಸಾಲದು, ಮಾಡೆಲ್ ನಂಬರ್, ಸ್ಟೇಜುಗಳ ಸಂಖ್ಯೆ ಮತ್ತು ಹೆಡ್ ಬೇಕು. ಒಂದೇ ಎಚ್‌ಪಿಯಲ್ಲಿ ಕಡಿಮೆ ಸ್ಟೇಜಿನ ಪಂಪು ಮೇಲ್ಮಟ್ಟದ ನೀರನ್ನು ಧಾರಾಳವಾಗಿ ಎತ್ತುತ್ತದೆ, ನೀರು ಕೆಳಗಿಳಿದಾಗ ಮಾತ್ರ ಮೇಲಕ್ಕೆ ತಳ್ಳಲಾರದೆ ಸೋಲುತ್ತದೆ. ನಮ್ಮ ಉದಾಹರಣೆಯಲ್ಲಿ ಎರಡೂ ಕಡೆ ಅದೇ ಕಂಪನಿ, ಅದೇ ಮಾಡೆಲ್, ಆದ್ದರಿಂದ ಇಲ್ಲಿ ವ್ಯತ್ಯಾಸವಿಲ್ಲ.

ಎರಡನೆಯ ಸಾಲು ಕೇಬಲ್. ಅವರ ಚೀಟಿಯಲ್ಲಿ 2.5 ಸ್ಕ್ವೇರ್ ಎಂಎಂ, ನಮ್ಮದರಲ್ಲಿ 4. ತಾಮ್ರ ಹೆಚ್ಚು ಇರುವುದರಿಂದ ಇಷ್ಟು ಉದ್ದಕ್ಕೆ ನಮ್ಮ ಕೇಬಲ್ಲಿನ ದರ 5,000 ರೂಪಾಯಿ ಹೆಚ್ಚು ಬಂದಿತ್ತು. ಈ 5,000 ಏಕೆ ಎಂಬುದನ್ನು ರೈತರಿಗೆ ಅವರ ಹೊಲದ ಭಾಷೆಯಲ್ಲೇ ಹೇಳಬೇಕು. ಸುಮಾರು 10 ಆಂಪ್ ಎಳೆಯುವ ಮೋಟಾರಿಗೆ 500 ಅಡಿಯ 2.5 ಕೇಬಲ್ಲಿನಲ್ಲಿ ಹತ್ತಿರಹತ್ತಿರ 20 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 4ರ ಕೇಬಲ್ಲಿನಲ್ಲಿ 12–13 ವೋಲ್ಟ್. ಬೇಸಿಗೆಯಲ್ಲಿ ಎಲ್ಲರ ಮೋಟಾರೂ ಒಟ್ಟಿಗೆ ಓಡಿ ಲೈನಿನಲ್ಲೇ ವೋಲ್ಟೇಜ್ ಬಿದ್ದಿರುವಾಗ, ಈ ಏಳೆಂಟು ವೋಲ್ಟಿನ ವ್ಯತ್ಯಾಸಕ್ಕೆ ಮೋಟಾರು ಹೆಚ್ಚು ಆಂಪ್ ಎಳೆದು ಬಿಸಿಯಾಗುತ್ತದೆ. ವೈಂಡಿಂಗ್ ಸುಟ್ಟರೆ ಪಂಪು ಎತ್ತುವ ಕೂಲಿ, ವೈಂಡಿಂಗ್ ಖರ್ಚು, ಮತ್ತೆ ಇಳಿಸುವ ಕೂಲಿ, ಅಷ್ಟು ದಿನ ನೀರಿಲ್ಲದ ಗಿಡ. ಇದನ್ನು ಹೆದರಿಸುವ ದನಿಯಲ್ಲಿ ಹೇಳಬೇಡಿ. ನೀರು ಮೇಲೆಯೇ ಇದ್ದು 200 ಅಡಿ ಕೇಬಲ್ ಸಾಕಾಗುವ ಬೋರಿಗೆ 2.5 ಸಾಲುತ್ತದೆ, ಅಂಥ ಗಿರಾಕಿಗೆ 4 ಬೇಕೇ ಬೇಕು ಎನ್ನುವುದು ಮೋಸ.

ಕೇಬಲ್ಲಿನ ವಿಷಯದಲ್ಲಿ ಇನ್ನೊಂದು ಮಾತು. ಮೇಲೆ 4 ಎಂದು ಅಚ್ಚಾಗಿದ್ದು ಒಳಗೆ ತಾಮ್ರ ಕಡಿಮೆ ಇರುವ ಕಳಪೆ ಕೇಬಲ್ ಕೂಡ ಮಾರುಕಟ್ಟೆಗೆ ಬರುತ್ತದೆ. ಐಎಸ್‌ಐ ಗುರುತಿನ ಬಳಿ ಇರುವ CM/L ನಂಬರನ್ನು BIS Care ಆ್ಯಪ್‌ನಲ್ಲಿ ಹಾಕಿದರೆ ಆ ಲೈಸೆನ್ಸ್ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ನಿಮ್ಮ ಸ್ವಂತ ಕೇಬಲ್ಲನ್ನೇ ಗಿರಾಕಿಯ ಎದುರು ಹೀಗೆ ನೋಡಿ ತೋರಿಸಿ. ಪಕ್ಕದವರದನ್ನು ಪರೀಕ್ಷಿಸಿರಿ ಎಂದು ನೀವು ಹೇಳಬೇಕಾಗಿಲ್ಲ, ಅವರೇ ನೋಡಿಕೊಳ್ಳುತ್ತಾರೆ.

ಮೂರನೆಯ ಸಾಲು ಇಳಿಸುವ ಕೂಲಿ. ಅವರ ಚೀಟಿಯಲ್ಲಿ ಅದು ಸೇರಿರಲಿಲ್ಲ, ನಮ್ಮದರಲ್ಲಿ 2,000 ಸೇರಿತ್ತು. ಪೈಪು ಮತ್ತು ಸ್ಟಾರ್ಟರ್ ಎರಡೂ ಕಡೆ ಒಂದೇ. ಕೊನೆಗೆ ಪಕ್ಕಾ ಬಿಲ್ಲು ಕೊಡುತ್ತಾರೆಯೇ ಎಂದು ಕೇಳಬೇಕು, ಏಕೆಂದರೆ ಕಚ್ಚಾ ಚೀಟಿಯ ಮೇಲೆ ಒಯ್ದ ಮೋಟಾರಿಗೆ ಗ್ಯಾರಂಟಿ ಕೇಳಲು ಹೋದಾಗ ಕಂಪನಿಯವರು ಮೊದಲು ಕೇಳುವುದು ಬಿಲ್ಲನ್ನೇ.

ಹೀಗೆ 8,000ದ ಅಂತರದಲ್ಲಿ 5,000 ಕೇಬಲ್ಲಿಗೆ, 2,000 ಕೂಲಿಗೆ ಹೋಯಿತು. ಉಳಿದ 1,000 ಮಾತ್ರ ನಿಜವಾಗಿ ನಮ್ಮ ದರದ ಹೆಚ್ಚಳ. ಅದನ್ನು ಮುಚ್ಚಿಡಬೇಡಿ, “ಸಾವಿರ ರೂಪಾಯಿ ನಮ್ಮದು ಹೆಚ್ಚ ಅದರಿ” ಎಂದು ನೀವೇ ಹೇಳಿ, ಹಾಳೆಯನ್ನು ಅವರ ಕಡೆ ತಿರುಗಿಸಿ ಸುಮ್ಮನಿರಿ. ಈ ಮೌನ ಹೊಸಬರಿಗೆ ತಡೆಯಲಾಗುವುದಿಲ್ಲ, ಗಿರಾಕಿ ಯೋಚಿಸುತ್ತಿರುವಾಗಲೇ ಗಾಬರಿಯಾಗಿ, ಆಯ್ತು ಬಿಡ್ರಿ ಎಂದು ಇಳಿಸಿಬಿಡುತ್ತಾರೆ. ಅವರು ಹಾಳೆಯನ್ನು ಎರಡು ಸಲ ಓದಲಿ, ಮಗನಿಗೆ ಫೋನ್ ಮಾಡಲಿ.

ಅವರ ಬಳಿ ಚೀಟಿಯೇ ಇಲ್ಲದೆ ಬಾಯಿಮಾತಿನ ದರ ಮಾತ್ರ ಇದ್ದರೆ, ಮಾಡೆಲ್, ಕೇಬಲ್ಲಿನ ಅಳತೆ, ಅಡಿ, ಕೂಲಿ ಎಲ್ಲವನ್ನೂ ಬರೆದ ನಿಮ್ಮ ಕೊಟೇಶನ್ ಕೊಟ್ಟು, ಇದೇ ಸಾಮಾನಿಗೆ ಅಲ್ಲಿ ದರ ಬರೆಸಿಕೊಂಡು ಬನ್ನಿ ಎಂದು ಹೇಳಿ. ವಿವರ ಬರೆದುಕೊಟ್ಟರೆ ಪಕ್ಕದವರಿಗೆ ನಮ್ಮ ಗುಟ್ಟು ತಿಳಿಯುತ್ತದೆ ಎಂದು ಹಲವರು ವಿಸಿಟಿಂಗ್ ಕಾರ್ಡಿನ ಹಿಂದೆ ಒಟ್ಟು ಮೊತ್ತವನ್ನಷ್ಟೇ ಗೀಚಿಕೊಡುತ್ತಾರೆ, ಇದು ದೊಡ್ಡ ತಪ್ಪು. ಬರೀ ಮೊತ್ತ ಕಂಡ ಎದುರಿನವರು ಮೊತ್ತವನ್ನೇ ಇಳಿಸುತ್ತಾರೆ. ವಿವರ ಕಂಡರೆ ಅವರೂ 4ರ ಕೇಬಲ್ಲಿಗೇ ದರ ಹಾಕಬೇಕಾಗುತ್ತದೆ.

ಮೂರನೆಯ ಹೆಜ್ಜೆ, ಏನಾದರೂ ಬಿಡುವುದಿದ್ದರೆ ಬದಲಿಗೆ ಏನನ್ನಾದರೂ ಪಡೆದೇ ಬಿಡುವುದು. ನಮ್ಮ ಭಾಗದಲ್ಲಿ ದರದೊಳಗೆ ಉದ್ದರಿಯೂ ಅಡಗಿರುತ್ತದೆ. ಆ ರೈತರು 40,000 ಈಗ ಕೊಟ್ಟು ಉಳಿದ 34,000ವನ್ನು ನಾಲ್ಕು ತಿಂಗಳು ಬಿಟ್ಟು ಕೊಡುವವರಿದ್ದರು. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿಯಂತೆ ಹಿಡಿದರೂ ಅದು 2,040 ರೂಪಾಯಿ ಬಡ್ಡಿ. ಆದ್ದರಿಂದ “ಪೂರ್ತಿ ನಗದ ಕೊಟ್ರ 73,000, ಉದ್ದರಿ ಆದ್ರ 74,000” ಎನ್ನಬಹುದು. ಸಾವಿರ ಬಿಟ್ಟರೂ ನಿಮಗೆ ನಷ್ಟವಿಲ್ಲ, ಇದು ನಗದಿನ ದರ ಎಂದು ಊರಿನಲ್ಲಿ ಹರಡಿದರೂ ತೊಂದರೆಯಿಲ್ಲ. ಅವರ ಊರಿನಲ್ಲೇ ಪಂಪು ಇಳಿಸುವವರಿದ್ದರೆ ಕೂಲಿಯ 2,000 ತೆಗೆದುಹಾಕಬಹುದು. ಕೇಬಲ್ಲಿನ ಅಳತೆಯನ್ನು ಮಾತ್ರ ದರ ಹೊಂದಿಸಲು ಎಂದೂ ಇಳಿಸಬೇಡಿ. ಹಿಂದೊಮ್ಮೆ ನಾನು ಹಟಕ್ಕೆ ಬಿದ್ದು ದರ ಇಳಿಸಿ, ಆ ನಷ್ಟ ತುಂಬಿಕೊಳ್ಳಲು 2.5 ಕೇಬಲ್ ಕೊಟ್ಟಿದ್ದೆ. ಏಪ್ರಿಲ್‌ನಲ್ಲಿ ಮೋಟಾರು ಸುಟ್ಟಿತು. ಆ ರೈತ ಸುಟ್ಟ ಕಾಯಿಲನ್ನು ಚೀಲದಲ್ಲಿ ಹಾಕಿಕೊಂಡು ಬಂದು ನನ್ನ ಗಲ್ಲೆಯ ಮೇಲೆ ಇಟ್ಟದ್ದು ಇಂದಿಗೂ ಕಣ್ಣಮುಂದಿದೆ.

ಯಾರೇ ಕಡಿಮೆ ತೋರಿಸಿದರೂ ಅದೇ ದರಕ್ಕೆ ಕೊಡುತ್ತೇವೆ ಎಂಬ ಬೋರ್ಡು ಹಾಕುವ ಅಡ್ಡದಾರಿಯೂ ಇದೆ. ಅದನ್ನು ಹಾಕಬಾರದು ಎಂಬುದು ನನ್ನ ಖಚಿತ ಮಾತು, ಏಕೆಂದರೆ ಅಲ್ಲಿಂದಾಚೆ ನಿಮ್ಮ ದರ ನಿರ್ಧರಿಸುವವರು ಪಕ್ಕದ ಅಂಗಡಿಯವರು. ಹಾಗೆಂದು ಈ ಹಾಳೆಯ ಪದ್ಧತಿ ಎಲ್ಲ ಸಾಮಾನಿಗೂ ನಡೆಯುವುದಿಲ್ಲ. ಪಿವಿಸಿ ಎಲ್ಬೋ, ಟೇಪು, ಕ್ಲಾಂಪಿನಂಥವುಗಳಲ್ಲಿ ಹೋಲಿಸುವಂಥದ್ದೇನೂ ಇರುವುದಿಲ್ಲ, ಅವನ್ನು ಪೇಟೆಯ ದರಕ್ಕೇ ಮಾರಬೇಕು.

ನಾಲ್ಕನೆಯದು, ಸಾಮಾನೂ ಒಂದೇ, ಬಿಲ್ಲೂ ಪಕ್ಕಾ, ಆದರೂ ಅಲ್ಲಿ ನಿಮ್ಮ ಕೆಳಮಿತಿಗಿಂತ ಕಡಿಮೆ ಎಂದಾದರೆ, “ಆ ದರಕ್ಕ ನನಗ ಆಗೂದಿಲ್ರಿ, ಅಲ್ಲೇ ತಗೋರಿ, ಇಳಿಸುವಾಗ ಕೇಬಲ್ ಜಾಯಿಂಟ್ ಸರಿ ಮಾಡಿಸ್ರಿ” ಎಂದು ಕಳಿಸಿಕೊಡಿ.

ಆ ಸಂಜೆಯೇ ಡೈರಿಯಲ್ಲಿ ಸಾಮಾನು, ನಿಮ್ಮ ದರ, ಅವರು ಹೇಳಿದ ದರ ಬರೆದಿಡಿ. ಒಂದೇ ಮಾಡೆಲ್ಲಿಗೆ ತಿಂಗಳಲ್ಲಿ ಮೂರು ನಾಲ್ಕು ಜನ ಅದೇ ಕಡಿಮೆ ದರ ಹೇಳಿದರೆ, ತೊಂದರೆ ಗಿರಾಕಿಯಲ್ಲಿಲ್ಲ, ನಿಮ್ಮ ಖರೀದಿ ದರದಲ್ಲಿದೆ. ಆ ಡೈರಿಯನ್ನು ಡಿಸ್ಟ್ರಿಬ್ಯೂಟರ್ ಎದುರು ತೆರೆದಿಟ್ಟು ಮಾತನಾಡಬೇಕು. ಅವರು ದರ ಇಳಿಸಿದರೆ ನಿಮ್ಮ ದರಪಟ್ಟಿಯನ್ನು ಎಲ್ಲ ಗಿರಾಕಿಗಳಿಗೂ ಒಂದೇ ದಿನ ಬದಲಿಸಿ. ಬೇರೆಡೆ ಕೊಂಡ ರೈತರಿಗೆ ಎಂಟು ದಿನ ಬಿಟ್ಟು ಒಂದು ಫೋನ್ ಮಾಡಿ, ದರದ ಮಾತೆತ್ತದೆ, ನೀರು ಹೇಗೆ ಬರುತ್ತಿದೆ, ಮೋಟಾರು ಎಷ್ಟು ಆಂಪ್ ತೋರಿಸುತ್ತಿದೆ ಎಂದಷ್ಟೇ ಕೇಳಿ.