ಉತ್ತರ ಮೇಲೆ ಬರೆಯಬೇಕಾ, ಪ್ರಶ್ನೆಯ ಕೆಳಗಾ?

ಕೆಲಸದ ಮೇಲ್‌ಗೆ ರಿಪ್ಲೈ ಮಾಡುವಾಗ ನಾನು ಮೊದಲು ನೋಡುವುದು ಒಂದೇ: ಬಂದ ಮೇಲ್‌ನಲ್ಲಿ ಬೇರೆಬೇರೆಯಾಗಿ ಉತ್ತರಿಸಬೇಕಾದ ವಿಷಯ ಎಷ್ಟಿವೆ? ಒಂದೇ ಇದ್ದರೆ ಮೇಲೆ ಬರೆದು ಕಳಿಸುತ್ತೇನೆ. ಎರಡು ದಾಟಿದರೆ, ಕೋಟ್ ಆದ ಸಾಲುಗಳ ನಡುವೆ, ಆಯಾ ಪ್ರಶ್ನೆಯ ಕೆಳಗೇ, ಅಂದರೆ ಇನ್‌ಲೈನ್ ಆಗಿ ಬರೆಯುತ್ತೇನೆ.

ಈ ಅಭ್ಯಾಸ ಗಟ್ಟಿಯಾಗಿದ್ದು ಒಂದು ಸರ್ವರ್ ಬದಲಾವಣೆಯ ಸಮಯದಲ್ಲಿ. ನಾನು ಮೂರು ಪ್ರಶ್ನೆ ಕೇಳಿದ್ದೆ. ಶನಿವಾರ ರಾತ್ರಿ ಶುರು ಮಾಡೋಣವಾ, ಹಳೇ ಸರ್ವರ್ ಎರಡು ವಾರ ಇಟ್ಟುಕೊಂಡರೆ ಸಾಕಾ, ಬಳಕೆದಾರರಿಗೆ ತಿಳಿಸುವವರು ಯಾರು. ಮೇಲ್ಗಡೆ ಒಂದೇ ಸಾಲಿನ ಉತ್ತರ ಬಂತು: "ಸರಿ, ಆದರೆ ಅಷ್ಟು ಸಾಕಾಗಲ್ಲ." ಯಾವುದು ಸರಿ, ಯಾವುದು ಸಾಕಾಗಲ್ಲ? ಒಬ್ಬರು ಶನಿವಾರ ರಾತ್ರಿಯ ಸಮಯ ಸಾಕಾಗಲ್ಲ ಎಂದುಕೊಂಡರು, ಇನ್ನೊಬ್ಬರು ಎರಡು ವಾರ ಸಾಕಾಗಲ್ಲ ಎಂದುಕೊಂಡರು. ಮೂರನೇ ಪ್ರಶ್ನೆಗಂತೂ ಉತ್ತರವೇ ಇರಲಿಲ್ಲ, ಆದರೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಅದೇ ಉತ್ತರವನ್ನು ಹೀಗೆ ಬರೆದುಕೊಡಿ ಎಂದು ಕೇಳಿದೆ:

```
> ಶನಿವಾರ ರಾತ್ರಿ ಶುರು ಮಾಡೋಣವಾ?

ಸರಿ.

> ಹಳೇ ಸರ್ವರ್ ಎರಡು ವಾರ ಇಟ್ಟುಕೊಂಡರೆ ಸಾಕಾ?

ಸಾಕಾಗಲ್ಲ. ತಿಂಗಳ ಕೊನೆಯ ರಿಪೋರ್ಟ್ ಹೊಸದರಲ್ಲಿ
ಒಮ್ಮೆ ಸರಿಯಾಗಿ ಬರಲಿ, ಆಮೇಲೆ ತೆಗೆಯೋಣ.

> ಬಳಕೆದಾರರಿಗೆ ತಿಳಿಸುವವರು ಯಾರು?
```

ಕೊನೆಯ ಪ್ರಶ್ನೆಯ ಕೆಳಗಿನ ಖಾಲಿ ಜಾಗ ಬರೆದವರಿಗೇ ಕಂಡಿತು, ಕಳಿಸುವ ಮುಂಚೆ ತುಂಬಿದರು. ಇನ್‌ಲೈನ್‌ನ ದೊಡ್ಡ ಲಾಭ ನನಗೆ ಇದೇ. ಬಿಟ್ಟುಹೋದದ್ದು ಎದ್ದು ಕಾಣುತ್ತದೆ.

ಆದರೆ ಇನ್‌ಲೈನ್ ಬರೆಯುವವರು ಕತ್ತರಿಸಲೂ ಬೇಕು. ಪೂರ್ತಿ ಮೇಲ್ ಹಾಗೇ ಬಿಟ್ಟು, ನಡುವೆ ಎಲ್ಲೋ ಒಂದು ಸಾಲು ಸೇರಿಸಿದರೆ ಓದುವವರು ಹುಡುಕಿ ಸುಸ್ತಾಗುತ್ತಾರೆ. ಉತ್ತರ ಕೊಡುವ ಸಾಲಷ್ಟೇ ಉಳಿಸಿ, ನಮಸ್ಕಾರ, ಸಿಗ್ನೇಚರ್ ಎಲ್ಲ ತೆಗೆಯುತ್ತೇನೆ. ನಡುವೆ ದೊಡ್ಡ ಭಾಗ ತೆಗೆದಿದ್ದರೆ `[...]` ಹಾಕುತ್ತೇನೆ. ಥಂಡರ್‌ಬರ್ಡ್‌ನಲ್ಲಿ ಬೇಕಾದ ಸಾಲುಗಳನ್ನು ಮೊದಲೇ ಸೆಲೆಕ್ಟ್ ಮಾಡಿ ರಿಪ್ಲೈ ಒತ್ತಿದರೆ ಅಷ್ಟೇ ಕೋಟ್ ಆಗುತ್ತದೆ, ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಒಂದು ಎಚ್ಚರ ಮಾತ್ರ ಬೇಕು. "ಟೆಸ್ಟ್ ಪಾಸಾದರೆ ಶನಿವಾರ ಶುರು ಮಾಡೋಣ" ಎಂಬುದರಲ್ಲಿ ಮೊದಲ ಭಾಗ ಕತ್ತರಿಸಿ "ಸರಿ" ಎಂದರೆ, ಅವರು ಹಾಕಿದ ಷರತ್ತೇ ಮಾಯವಾಗುತ್ತದೆ.

ನನ್ನ ಸಾಲು ಯಾವುದು, ಅವರದ್ದು ಯಾವುದು ಎಂದು ತೋರಿಸಲು ಬಣ್ಣವನ್ನು ನಂಬುವುದಿಲ್ಲ. "ನನ್ನ ಉತ್ತರ ಕೆಂಪಿನಲ್ಲಿದೆ" ಎಂದು ಬರೆದ ಮೇಲನ್ನು ಯಾರೋ ಪ್ಲೇನ್ ಟೆಕ್ಸ್ಟ್ ಆಗಿ ತೆರೆದರೆ ಬಣ್ಣವೆಲ್ಲ ಹೋಗುತ್ತದೆ. ಪ್ರತಿ ಸಾಲಿನ ಮುಂದೆ `>` ಇದ್ದರೆ ಅದು ಎಲ್ಲಿ ತೆರೆದರೂ ಉಳಿಯುತ್ತದೆ. ಜೊತೆಗೆ ಮೇಲ್ಗಡೆ "ಉತ್ತರಗಳು ಕೆಳಗೆ, ಪ್ರಶ್ನೆಗಳ ನಡುವೆ ಇವೆ" ಎಂದು ಒಂದು ಸಾಲು ಹಾಕುವುದು ಒಳ್ಳೆಯದು. ಕೆಲವು ಮೇಲ್ ಆ್ಯಪ್‌ಗಳು ಹಳೇ ಭಾಗವನ್ನು ಮೂರು ಚುಕ್ಕಿಯ ಹಿಂದೆ ಮಡಚಿಡುತ್ತವೆ. ಆ ಸಾಲಿಲ್ಲದಿದ್ದರೆ ಖಾಲಿ ಮೇಲ್ ಬಂದಿದೆ ಅಂದುಕೊಳ್ಳುವವರೂ ಇದ್ದಾರೆ.

ಇನ್‌ಲೈನ್ ಎರಡು ಮೂರು ಸುತ್ತು ಚೆನ್ನಾಗಿ ನಡೆಯುತ್ತದೆ. `>>>` ಕಾಣತೊಡಗಿದಾಗ ನಾನು ನಿಲ್ಲಿಸುತ್ತೇನೆ. ಯಾರ ಮಾತಿಗೆ ಯಾರ ಉತ್ತರ ಎಂಬುದು ಆ ಹೊತ್ತಿಗೆ ಮಸುಕಾಗಿರುತ್ತದೆ. ಆ ಸರ್ವರ್ ಥ್ರೆಡ್‌ನಲ್ಲೂ ಮೂರನೇ ಸುತ್ತಿನಲ್ಲಿ ನಾನು ಎಲ್ಲ ಕೋಟ್ ಬಿಟ್ಟು, ಮೇಲ್ಗಡೆ ಹೊಸದಾಗಿ ಬರೆದೆ: ಶನಿವಾರ ರಾತ್ರಿ ಶುರು, ರಿಪೋರ್ಟ್ ಸರಿಯಾಗಿ ಬರುವವರೆಗೆ ಹಳೇ ಸರ್ವರ್ ಇರುತ್ತದೆ, ಬಳಕೆದಾರರಿಗೆ ಶುಕ್ರವಾರ ನಾವು ತಿಳಿಸುತ್ತೇವೆ. ತೀರ್ಮಾನ ಆದ ಮೇಲೆ ಜನಕ್ಕೆ ಬೇಕಿರುವುದು ತೀರ್ಮಾನ, ಅದಕ್ಕೆ ಮೇಲ್ಗಡೆಯೇ ಸರಿಯಾದ ಜಾಗ.

ಥ್ರೆಡ್‌ಗೆ ಹೊಸಬರನ್ನು ಸೇರಿಸುವಾಗಲೂ ಹಾಗೇ. ಇಲ್ಲಿ ಕತ್ತರಿಸುವುದೇ ತಪ್ಪು, ಅವರಿಗೆ ಹಿಂದಿನ ಮಾತುಕತೆ ಪೂರ್ತಿ ಬೇಕು. ಅವರು ಏನು ಮಾಡಬೇಕು ಎಂಬುದನ್ನು ಮೇಲೆ ಎರಡು ಸಾಲಿನಲ್ಲಿ ಬರೆದು, ಹಳೆಯದನ್ನೆಲ್ಲ ಕೆಳಗೆ ಮುಟ್ಟದೆ ಬಿಡುತ್ತೇನೆ. ಹೊರಗಿನವರಿಗೆ ಕಾಣಬಾರದ್ದು ಕೆಳಗೆಲ್ಲೂ ಇಲ್ಲ ಅಂತ ಒಮ್ಮೆ ಕೊನೆವರೆಗೂ ನೋಡಿಕೊಳ್ಳಬೇಕು ಅಷ್ಟೇ.

ಫೋನಿನಲ್ಲಿದ್ದರೆ ಸಾಲು ಕತ್ತರಿಸುವುದು ಕಷ್ಟ, ಅಲ್ವಾ? ಆಗ ಮೇಲೇ ಬರೆಯುತ್ತೇನೆ, ಆದರೆ ಸುಮ್ನೆ "ಹೌದು" ಅನ್ನುವುದಿಲ್ಲ. ಪ್ರಶ್ನೆಯ ಮಾತನ್ನೇ ಉತ್ತರದೊಳಗೆ ತರುತ್ತೇನೆ: "ಹಳೇ ಸರ್ವರ್‌ಗೆ ಎರಡು ವಾರ ಸಾಕಾಗಲ್ಲ. ಶನಿವಾರ ರಾತ್ರಿ ಪರವಾಗಿಲ್ಲ." ಕೆಳಗಿನ ಹಳೇ ಮೇಲ್ ತೆರೆಯದೆಯೇ ಅರ್ಥವಾಗುತ್ತದೆ.