ಟ್ರ್ಯಾಕ್ಟರ್ ಟೈರಿನಲ್ಲಿ ನೀರು ಸೋರದ ತೊಟ್ಟಿ: ಮೂರನೇ ಪ್ರಯತ್ನದಲ್ಲಿ ಗೆದ್ದೆ

ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಹಸುಗಳಿಗೆ ನೀರಿನ ತೊಟ್ಟಿ ಮಾಡುತ್ತೇನೆ ಎಂದಾಗ ಗಾರೆ ಕೆಲಸದವರು, 'ರಬ್ಬರಿಗೆ ಸಿಮೆಂಟ್ ಹಿಡಿಯುವುದಿಲ್ಲ, ಎರಡೇ ತಿಂಗಳಲ್ಲಿ ಸೋರುತ್ತದೆ' ಎಂದರು. ರಬ್ಬರಿಗೆ ಸಿಮೆಂಟ್ ಹಿಡಿಯುವುದಿಲ್ಲ ಎಂಬ ಮಾತು ನಿಜ. ಆದರೂ ನನ್ನ ತೊಟ್ಟಿ ಮೂರು ಮಳೆಗಾಲ ಕಂಡಿದೆ, ಒಂದು ತೊಟ್ಟು ನೀರೂ ಸೋರಿಲ್ಲ.

ಮೊದಲನೆಯ ಸಲ ಟೈರನ್ನು ಮಲಗಿಸಿ, ಕೆಳಗಿನ ತೂತಿಗೆ ಪ್ಲೈವುಡ್ ಹಲಗೆ ಕೂರಿಸಿ, ಸುತ್ತ ಸಿಲಿಕೋನ್ ಬಳಿದೆ. ಹಲಗೆ ನೀರು ಕುಡಿದು ಉಬ್ಬಿ, ವಾರದೊಳಗೆ ಅಂಚು ಬಿಟ್ಟಿತು. ಎರಡನೆಯ ಸಲ ತೂತಿನ ತುಂಬ ಕಾಂಕ್ರೀಟ್ ಸುರಿದು, ಬೀಡು ಎನ್ನುವ, ರಿಮ್ಮಿಗೆ ಕೂರುವ ಟೈರಿನ ದಪ್ಪ ತುಟಿಯ ಅಂಚಿಗೆ ಸರಿಯಾಗಿ ಮಟ್ಟ ಮಾಡಿದೆ. ನೋಡಲು ಬಹಳ ಚೆನ್ನಾಗಿತ್ತು. ಆದರೆ ಕಾಂಕ್ರೀಟ್ ಒಣಗುತ್ತಾ ಕುಗ್ಗಿದಾಗ ರಬ್ಬರಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿತು. ಸಂಜೆ ತುಂಬಿದ ನೀರು ಬೆಳಗಾಗುವಷ್ಟರಲ್ಲಿ ಅರ್ಧಕ್ಕೆ ಇಳಿಯುತ್ತಿತ್ತು. ಸಿಮೆಂಟು, ಜಲ್ಲಿ, ಎರಡು ದಿನದ ಕೂಲಿ ಎಲ್ಲವೂ ಮಣ್ಣುಪಾಲಾಯಿತು. ಟೈರನ್ನು ಬಿಡಿಸಿಕೊಳ್ಳಲು ಕಾಂಕ್ರೀಟನ್ನು ಸುತ್ತಿಗೆಯಿಂದ ಒಡೆಯಬೇಕಾಯಿತು.

ಒಡೆಯುವಾಗಲೇ ದಾರಿ ಹೊಳೆಯಿತು. ಮಲಗಿಸಿದ ಟೈರಿನ ಕೆಳಬೀಡು ನೆಲಕ್ಕೆ ತಾಗುವುದಿಲ್ಲ, ಎರಡು ಮೂರು ಸೆಂಟಿಮೀಟರ್ ಮೇಲೆ ನಿಂತಿರುತ್ತದೆ. ಆ ತುಟಿಯ ಕೆಳಗೂ ಮೇಲೂ ಕಾಂಕ್ರೀಟ್ ಇದ್ದರೆ ಬೀಡು ಅದರ ಹೊಟ್ಟೆಯೊಳಗೆ ಸಿಕ್ಕಿಕೊಳ್ಳುತ್ತದೆ. ಆಗ ಅಂಟುವ ಅಗತ್ಯವೇ ಇಲ್ಲ, ಹಿಡಿತವೇ ಸಾಕು.

ಮೂರನೆಯ ಸಲ ನೆಲವನ್ನು ಗಟ್ಟಿಸಿ, ಮಟ್ಟ ನೋಡಿ, ನಡುವೆ ಸುಮಾರು ಹತ್ತು ಸೆಂಟಿಮೀಟರ್ ಆಳದ ಗುಂಡಿ ತೆಗೆದೆ. ನೀರಿನ ಪೈಪನ್ನೂ ಹೆಚ್ಚಾದ ನೀರು ಹೊರಹೋಗುವ ಪೈಪನ್ನೂ ಮೊದಲೇ ನಿಲ್ಲಿಸಿದೆ. ಬೀಡನ್ನು ತಂತಿಬ್ರಷ್ಷಿನಿಂದ ಉಜ್ಜಿ ತೊಳೆದೆ. ಹಾರೆಯಿಂದ ತುಟಿಯನ್ನು ಎತ್ತಿ ಹಿಡಿದು, ಅದರಡಿಗೆ ಕೈಯಿಂದಲೇ ಕಾಂಕ್ರೀಟ್ ತುರುಕಿದೆ. ಈ ಕೆಲಸಕ್ಕೆ ರಬ್ಬರ್ ಕೈಗವಸು ಬೇಕೇ ಬೇಕು, ಇಲ್ಲದಿದ್ದರೆ ಸಿಮೆಂಟ್ ಚರ್ಮ ಸುಡುತ್ತದೆ. ಆಮೇಲೆ ಬೀಡಿನ ಮೇಲೆ ಏಳೆಂಟು ಸೆಂಟಿಮೀಟರ್ ಬರುವಂತೆ ತುಂಬಿದೆ. ಸಿಮೆಂಟು, ಮರಳು, ಜಲ್ಲಿ ಒಂದು, ಎರಡು, ನಾಲ್ಕರ ಪ್ರಮಾಣದಲ್ಲಿರುವ ಮಿಶ್ರಣಕ್ಕೆ ಅರ್ಧ ಚೀಲಕ್ಕಿಂತ ತುಸು ಹೆಚ್ಚು ಸಿಮೆಂಟ್ ಹಿಡಿಯಿತು. ಬೀಡಿನ ಸುತ್ತ ಇನ್ನೊಂದು ಚಿಕ್ಕ ಕೆಲಸ ಮಾಡಿದ್ದೇನೆ; ಅದನ್ನು ಕಂಡುಕೊಳ್ಳಲು ಎರಡು ಪ್ರಯತ್ನ ಕಳೆದುಕೊಂಡಿದ್ದೇನೆ, ಆದ್ದರಿಂದ ಅದು ನನ್ನಲ್ಲೇ ಇರಲಿ. ಏಳು ದಿನ ಒದ್ದೆ ಗೋಣಿ ಹೊದಿಸಿದೆ. ಮೊದಲ ಎರಡು ಮೂರು ಸಲ ತುಂಬಿದ ನೀರಿಗೆ ಸಿಮೆಂಟಿನ ಕ್ಷಾರ ಇಳಿದಿರುತ್ತದೆ. ಅದನ್ನು ಹಸುಗಳಿಗೆ ಕೊಡದೆ ಚೆಲ್ಲಿದೆ.

ನನ್ನ ತೊಟ್ಟಿ ಸುಮಾರು ಇನ್ನೂರು ಲೀಟರ್ ಹಿಡಿಯುತ್ತದೆ. ಅಷ್ಟೇ ದೊಡ್ಡ ಇಟ್ಟಿಗೆಯ ತೊಟ್ಟಿಗೆ ಹೇಳಿದ್ದ ಖರ್ಚಿನ ಮೂರನೇ ಒಂದು ಪಾಲಿನಲ್ಲಿ ಮುಗಿಯಿತು. ಹಾಳಾದ ಎರಡು ಪ್ರಯತ್ನಗಳನ್ನು ಸೇರಿಸಿದರೆ ಅರ್ಧದಷ್ಟಾಗುತ್ತದೆ. ಹಸು ಒದ್ದರೂ ಬಿರುಕು ಬಿಡುವುದಿಲ್ಲ.

ಟೈರಿನ ಆಯ್ಕೆಯಲ್ಲಿ ಮಾತ್ರ ಅಜಾಗರೂಕತೆ ಸಲ್ಲದು. ಒಳಗೆ ನೈಲಾನ್ ಎಳೆಗಳಿರುವ ಹಳೆಯ ಮಾದರಿಯ ಟೈರನ್ನೇ ಆರಿಸುತ್ತೇನೆ. ಉಕ್ಕಿನ ಪದರದ ರೇಡಿಯಲ್ ಟೈರಿನಲ್ಲಿ ಕತ್ತರಿಸಿದಲ್ಲಿ ಅಥವಾ ಸವೆದಲ್ಲಿ ಸೂಜಿಯಂಥ ತಂತಿಗಳು ಹೊರಬರುತ್ತವೆ. ತಂತಿಯ ತುಂಡು ಮೇವಿನೊಡನೆ ಹಸುವಿನ ಹೊಟ್ಟೆ ಸೇರಿದರೆ ಎರಡನೆಯ ಜಠರವನ್ನು ಚುಚ್ಚಿ, ಅಲ್ಲಿಂದ ಹೃದಯದವರೆಗೂ ಹೋಗಬಲ್ಲದು. ತೊಟ್ಟಿಯ ಬಾಯಿ ಅಗಲಿಸಲು ಮೇಲಿನ ಪಕ್ಕವನ್ನು ಕೊಯ್ಯುವಾಗ ಬೀಡಿನ ಹತ್ತಿರ ಕೊಯ್ಯಬಾರದು, ಅಲ್ಲಿ ದಪ್ಪ ಸರಿಗೆಯ ಬಳೆ ಇದೆ. ನೆಲಕ್ಕೆ ತಾಗುವ ಭಾಗದ ಭುಜದ ಬಳಿ ಕೊಯ್ಯಬೇಕು. ಸಾಬೂನು ನೀರು ಬಿಡುತ್ತಾ ಜಿಗ್‌ಸಾದಲ್ಲಿ ಕೊಯ್ದರೆ ಅಲಗು ಅಂಟುವುದಿಲ್ಲ. ಗ್ರೈಂಡರ್ ಹಚ್ಚಿದರೆ ರಬ್ಬರ್ ಸುಟ್ಟು ಕೆಟ್ಟ ಹೊಗೆ ಏಳುತ್ತದೆ.

ಕೊಯ್ದ ಪಕ್ಕದ ಬಳೆಯನ್ನು ರಸಮೇವಿನ ಗುಂಡಿಯ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಭಾರಕ್ಕೆ ಇಟ್ಟೆ. ಇಡೀ ಟೈರಿಗಿಂತ ಇದು ಎಷ್ಟೋ ಮೇಲು, ಮಳೆನೀರು ನಿಲ್ಲುವುದಿಲ್ಲ, ಸೊಳ್ಳೆ ಮೊಟ್ಟೆಯಿಡುವುದಿಲ್ಲ. ತೊಟ್ಟಿಯಲ್ಲೂ ಸೊಳ್ಳೆಮರಿ ಕಂಡದ್ದುಂಟು, ಅದಕ್ಕೇ ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಉಜ್ಜುತ್ತೇನೆ. ಚಿಕ್ಕ ಟೈರುಗಳಲ್ಲಿ ಸೊಪ್ಪು ಬೆಳೆಯುವ ಪ್ರಯೋಗವನ್ನು ಒಂದೇ ಬೆಳೆಗೆ ನಿಲ್ಲಿಸಿದೆ. ರಬ್ಬರಿನಲ್ಲಿ ಸತು ಇರುತ್ತದೆ, ಹುಳಿ ಮಣ್ಣಿಗೆ ಅದು ಬೇಗ ಇಳಿಯುತ್ತದೆ. ತಿನ್ನುವ ಗಿಡಕ್ಕೆ ಆ ಗೊಡವೆ ಬೇಡವೆನಿಸಿತು. ಈಗ ಅವುಗಳಲ್ಲಿ ಹೂವಿನ ಗಿಡಗಳಿವೆ, ತಳಕ್ಕೆ ತೂತು ಕೊರೆದಿದ್ದೇನೆ.

ಉಳಿದಿದ್ದ ನಾಲ್ಕು ರೇಡಿಯಲ್ ಟೈರುಗಳನ್ನು ಹೊಸ ಟೈರು ಕೊಂಡ ಅಂಗಡಿಗೇ ಹೊತ್ತುಕೊಂಡು ಹೋದೆ. ಒಂದರ ಮೈಕಟ್ಟು ಗಟ್ಟಿಯಿದ್ದುದರಿಂದ ಹೊಸ ಪಟ್ಟಿ ಹಾಕಿಸಲು ತೆಗೆದುಕೊಂಡರು. ಮೂರು ಪುಡಿ ಮಾಡುವ ಕಾರ್ಖಾನೆಗೆ ಹೋದವು. ಸಾಗಣೆಯ ಖರ್ಚು ನನ್ನದೇ ಆಯಿತು, ಬಂದ ಹಣ ಅದಕ್ಕೆ ಸಾಲಲಿಲ್ಲ.